ಆ ಮೂರು ಬಿಂದುಗಳು

ಕೊಡಗಿನಂಥ ಕಡೆ ಎಷ್ಟು ಕಾಡು ಕಾಫಿ ತೋಟವಾಯಿತೆಂದು ಎರಡು ವರ್ಷಗಳ ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕುವವರಿಗೆ ಈ ಮಾತುಗಳು.

1. ಎರಡೂ ನಕ್ಷೆ ತಲಾ 85% ಸರಿಯಿದ್ದರೆ ಬದಲಾವಣೆಯ ನಕ್ಷೆಯೂ ಅಷ್ಟೇ ಸರಿ ಎಂದುಕೊಳ್ಳಬೇಡಿ. ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಿದ್ದಿದ್ದರೆ ಎರಡೂ ಬಾರಿ ಸರಿಯಾಗಿರುವ ಪಿಕ್ಸೆಲ್‌ಗಳು ಸುಮಾರು 72% ಮಾತ್ರ. ಬದಲಾವಣೆಯನ್ನೇ ಬೇರೆಯಾಗಿ ಪರೀಕ್ಷಿಸಬೇಕು.

2. ಮರಗಳ ನೆರಳಲ್ಲಿ ಬೆಳೆದ ಕಾಫಿ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ. ಒಂದು ಚಿತ್ರ ಡಿಸೆಂಬರ್‌ನದು, ಇನ್ನೊಂದು ಮಾರ್ಚ್‌ನದಾದರೆ ಎಲೆ ಉದುರಿಸಿ ನಿಂತ ಕಾಡೂ ‘ಬದಲಾಗಿದೆ’ ಎನ್ನಿಸಿಕೊಳ್ಳುತ್ತದೆ. ಜಿಪಿಎಸ್ ಹಿಡಿದು ಹೋದರೆ ತಿಳಿಯುವುದು ಇಂದಿನ ಸ್ಥಿತಿಯಷ್ಟೆ. ಹಿಂದಿನದಕ್ಕೆ ಆ ಕಾಲದ ಸ್ಪಷ್ಟ ಚಿತ್ರ ಬೇಕು, ಇಲ್ಲವೇ ತೋಟದವರನ್ನೇ ಕೇಳಬೇಕು. ಬಿಂದುಗಳನ್ನು ಪರಿಶೀಲಿಸುವವರಿಗೆ ನಮ್ಮ ನಕ್ಷೆಯ ಉತ್ತರ ಮೊದಲೇ ಗೊತ್ತಿರಬಾರದು. ಗೊತ್ತಿದ್ದರೆ ಅನುಮಾನದ ಬಿಂದುಗಳೆಲ್ಲ ನಕ್ಷೆಯ ಕಡೆಗೇ ವಾಲುತ್ತವೆ.

3. ಕನ್‌ಫ್ಯೂಷನ್ ಮ್ಯಾಟ್ರಿಕ್ಸನ್ನು ವಿಸ್ತೀರ್ಣದ ತೂಕ ಹಾಕಿಯೇ ಓದಿ. ಉದಾಹರಣೆಗೆ 10,000 ಹೆಕ್ಟೇರಿನ ಪ್ರದೇಶ. ನಕ್ಷೆಯ ಪ್ರಕಾರ ಬದಲಾದದ್ದು 200, ಬದಲಾಗದ್ದು 9,800. ಎರಡರಿಂದಲೂ ನೂರು ನೂರು ಬಿಂದು ಆರಿಸಿದೆವು ಎನ್ನಿ. ‘ಬದಲಾಗಿದೆ’ ಎಂದ ನೂರರಲ್ಲಿ 70 ಸರಿ; ‘ಬದಲಾಗಿಲ್ಲ’ ಎಂದ ನೂರರಲ್ಲಿ 97 ಸರಿ, ಮೂರು ಕಡೆ ಮಾತ್ರ ಕಾಡು ಹೋಗಿದೆ. ಬರಿಯ ಬಿಂದು ಎಣಿಸಿದರೆ ನಿಜವಾಗಿ ಬದಲಾದ 73ರಲ್ಲಿ 70 ನಮ್ಮ ಕೈಗೆ ಸಿಕ್ಕಿವೆ, ಅಂದರೆ 96%. ಬೀಗಬಹುದು!

ಆದರೆ ಆ ಮೂರು ಬಿಂದುಗಳು 9,800 ಹೆಕ್ಟೇರಿನ 3%ಗೆ ಸಾಕ್ಷಿ: 294 ಹೆಕ್ಟೇರ್. ನಕ್ಷೆ ಸರಿಯಾಗಿ ಹಿಡಿದದ್ದು 200ರ 70%, ಅಂದರೆ 140. ಹಾಗಾಗಿ ನಿಜವಾಗಿ ಬದಲಾದದ್ದರ ಅಂದಾಜು 434 ಹೆಕ್ಟೇರ್. ಅದರಲ್ಲಿ ನಾವು ಹಿಡಿದದ್ದು 32% ಮಾತ್ರ. ತಮಾಷೆಯೆಂದರೆ, ಇದೇ ತೂಕ ಹಾಕಿದಾಗ ಒಟ್ಟು ನಿಖರತೆ 83.5%ರಿಂದ 96.5%ಗೆ ಏರುತ್ತದೆ. ಬದಲಾಗದ ನೆಲವೇ ಹೆಚ್ಚಿರುವಲ್ಲಿ ಒಟ್ಟು ನಿಖರತೆಯನ್ನು ನಾನು ನಂಬುವುದಿಲ್ಲ.

4. ಕಪ್ಪಾ? ಮೇಲಿನ ಉದಾಹರಣೆಯಲ್ಲೇ ತೂಕವಿಲ್ಲದೆ 0.67, ತೂಕ ಹಾಕಿದರೆ 0.43. ಆಕಸ್ಮಿಕವಾಗಿ ಆಗಬಹುದಾದ ಹೊಂದಾಣಿಕೆಯನ್ನು ಕಳೆಯುವುದಷ್ಟೇ ಅದರ ಕೆಲಸ. ತಪ್ಪು ಯಾವ ದಿಕ್ಕಿನದು, ಎಷ್ಟು ಹೆಕ್ಟೇರಿನದು ಎಂಬುದನ್ನು ಅದು ಹೇಳುವುದಿಲ್ಲ. ಇದನ್ನು ಬಿಟ್ಟುಬಿಡಿ ಎಂದು ಪಾಂಟಿಯಸ್ ಮತ್ತು ಮಿಲೋನ್ಸ್ 2011ರಲ್ಲೇ ವಾದಿಸಿದ್ದರು. ವರದಿ ಕೇಳುವವರು ಇನ್ನೂ ಕೇಳುತ್ತಾರೆ, ಒಂದು ಸಾಲಿನಲ್ಲಿ ಕೊಟ್ಟು ಮುಂದೆ ಹೋಗುತ್ತೇನೆ.

5. 434ರ ಪಕ್ಕದಲ್ಲಿ ಅದರ ಅನಿಶ್ಚಿತತೆಯನ್ನೂ ಬರೆಯಿರಿ. ಇಲ್ಲಿ 95% ವಿಶ್ವಾಸಕ್ಕೆ ಅದು ಹೆಚ್ಚು ಕಡಿಮೆ 330 ಹೆಕ್ಟೇರ್. ಇಷ್ಟು ದೊಡ್ಡದಾಗಲು ಆ ಮೂರು ಬಿಂದುಗಳೇ ಕಾರಣ. ‘ಬದಲಾಗಿದೆ’ ಎಂಬ ಭಾಗಕ್ಕೆ ಇನ್ನೂ ನೂರು ಬಿಂದು ಸೇರಿಸಿದರೆ ಏನೂ ಕಡಿಮೆಯಾಗದು. ಕಾಡು ಹೋಗುವುದು ಬಹುಪಾಲು ಈಗಾಗಲೇ ಕಡಿದ ಜಾಗದ ಅಂಚಿನಲ್ಲಿ. ಆ ಅಂಚಿನ ಸುತ್ತಲಿನ ಪಟ್ಟಿಯನ್ನು ಬೇರೆ ಭಾಗವಾಗಿ ಗುರುತಿಸಿ, ಹೊಸ ಬಿಂದುಗಳನ್ನು ಅಲ್ಲಿ ಹಾಕಿ.