ಬೆಳಗಾವಿಯ ಚೆಕ್ ಗಡಹಿಂಗ್ಲಜದಲ್ಲಿ ಎಲ್ಲಿ ನಿಲ್ಲುತ್ತದೆ?

ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಬೆಳಗಾವಿಯ ಅಂಗಡಿಯವರು 72,500 ರೂಪಾಯಿಯ ಚೆಕ್ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಗುರುವಾರ ಬೆಳಗ್ಗೆ ಒಂದು ಬ್ಯಾಂಕಿಗೆ ಹಾಕಿದರೆ ಅಂದೇ ರಾತ್ರಿ ಹಣ ಖಾತೆಯಲ್ಲಿರುತ್ತದೆ. ಅದೇ ಪೇಟೆಯ ಇನ್ನೊಂದು ಬ್ಯಾಂಕಿಗೆ ಹಾಕಿದರೆ ಸೋಮವಾರ ಆಗಬಹುದು. ಬೆಳಗಾವಿಯ ದೂರ ಎರಡಕ್ಕೂ ಒಂದೇ. ವ್ಯತ್ಯಾಸವಾಗುವುದು ಚೆಕ್ ಹಾಕಿದ ಬ್ಯಾಂಕಿನ ಒಳಗೆ.

ಮೊದಲು ಹಾಗಿರಲಿಲ್ಲ. ಪರಊರಿನ ಚೆಕ್ ಎಂದರೆ ಕಾಗದವೇ ಅಂಚೆಯಲ್ಲೋ ಕೊರಿಯರ್‌ನಲ್ಲೋ ಆ ಊರಿಗೆ ಹೋಗಬೇಕಿತ್ತು. ಅಲ್ಲಿ ಸಹಿ, ಬಾಕಿ ನೋಡಿ ಪಾಸು ಮಾಡಿ ಹಣ ವಾಪಸು ಕಳಿಸುವಷ್ಟರಲ್ಲಿ ವಾರಗಳೇ ಉರುಳುತ್ತಿದ್ದವು, ಮೇಲೆ ಕಮಿಷನ್ ಬೇರೆ. ಈ ಕಾಗದದ ಓಡಾಟ ನಿಲ್ಲಿಸುವುದೇ ಚೆಕ್ ಟ್ರಂಕೇಶನ್, ಅಂದರೆ ಸಿಟಿಎಸ್. ದೆಹಲಿಯಲ್ಲಿ 2008ರಲ್ಲಿ, ಚೆನ್ನೈನಲ್ಲಿ 2011ರಲ್ಲಿ, ಮುಂಬೈನಲ್ಲಿ 2013ರಲ್ಲಿ ಅದು ಬಂತು. ಆದರೂ ನಮ್ಮ ಗಡಿಭಾಗಕ್ಕೆ ಒಂದು ತೊಡಕು ಉಳಿದೇ ಇತ್ತು. ಒಂದೊಂದು ಕೇಂದ್ರದ ವ್ಯಾಪ್ತಿಯೇ ಒಂದೊಂದು ಗ್ರಿಡ್. ಕೊಲ್ಹಾಪುರ ಜಿಲ್ಲೆ ಮುಂಬೈ ಗ್ರಿಡ್‌ಗೆ ಸೇರಿತ್ತು, ಬೆಳಗಾವಿ ಚೆನ್ನೈ ಗ್ರಿಡ್‌ಗೆ. ಹೀಗಾಗಿ ನಾಗಪುರದ ಚೆಕ್ ಇಚಲಕರಂಜಿಗೆ ಸ್ಥಳೀಯ ಚೆಕ್ ಆಗುತ್ತಿತ್ತು. ಬೆಳಗಾವಿಯಲ್ಲಷ್ಟೇ ಶಾಖೆಗಳಿರುವ ಸಣ್ಣ ಬ್ಯಾಂಕಿನ ಚೆಕ್ ಮಾತ್ರ ಪರಊರಿನದಾಗಿಯೇ ಉಳಿಯುತ್ತಿತ್ತು. ಈಗ ದೇಶಕ್ಕೆಲ್ಲ ಒಂದೇ ಗ್ರಿಡ್ ಆಗಿರುವುದರಿಂದ ಆ ಗೋಡೆ ಇಲ್ಲ.

ಚೆಕ್ ಯಾವ ಊರಿನದೆಂದು ಯಂತ್ರ ತಿಳಿಯುವುದು ಕೆಳಗಿನ ಬಿಳಿ ಪಟ್ಟಿಯಿಂದ. ಮೊದಲು ಆರಂಕಿಯ ಚೆಕ್ ನಂಬರು, ಅದರ ಪಕ್ಕ ಒಂಬತ್ತಂಕಿಯ ಸಂಖ್ಯೆ. ಆ ಒಂಬತ್ತರಲ್ಲಿ ಮೊದಲ ಮೂರು ಊರಿನದು, ನಡುವಿನ ಮೂರು ಬ್ಯಾಂಕಿನದು, ಕೊನೆಯ ಮೂರು ಶಾಖೆಯದು. ಕೊಲ್ಹಾಪುರ ನಗರದ ಚೆಕ್ಕಿನಲ್ಲಿ 416 ಎಂದೂ ಬೆಳಗಾವಿಯದರಲ್ಲಿ 590 ಎಂದೂ ಇರುತ್ತದೆ. ಈ ಪಟ್ಟಿಯ ಮೇಲೆ ಸಹಿಯ ಬಾಲ ಇಳಿದರೂ, ಮೊಬೈಲ್ ನಂಬರು ಗೀಚಿದರೂ, ಪಿನ್ನು ಚುಚ್ಚಿದರೂ ಯಂತ್ರ ಓದಲು ತಡವರಿಸುತ್ತದೆ.

ಈಗ ನಮ್ಮ 72,500 ರೂಪಾಯಿಯ ಚೆಕ್ಕಿನ ಹಿಂದೆ ಹೋಗೋಣ. ಮೊದಲ ಬ್ಯಾಂಕಿನ ಗಡಹಿಂಗ್ಲಜ ಶಾಖೆಯಲ್ಲೇ ಸ್ಕ್ಯಾನರ್ ಇದೆ. ಗುರುವಾರ ಬೆಳಗ್ಗೆ 11ಕ್ಕೆ ಕೌಂಟರಿನಲ್ಲಿ ಕೊಟ್ಟ ಚೆಕ್ಕಿನ ಮೂರು ಚಿತ್ರ ತೆಗೆಯುತ್ತಾರೆ. ಮುಂಭಾಗದ್ದು ಬೂದು ಛಾಯೆಯಲ್ಲಿ ಒಂದು, ಕಪ್ಪು-ಬಿಳುಪಿನಲ್ಲಿ ಒಂದು, ಹಿಂಭಾಗದ್ದು ಒಂದು. ಪಟ್ಟಿಯ ಅಂಕಿಗಳೊಂದಿಗೆ, ಬ್ಯಾಂಕಿನ ಡಿಜಿಟಲ್ ಸಹಿ ಹಾಕಿ, ಚಿತ್ರಗಳು ಕ್ಲಿಯರಿಂಗ್ ಹೌಸ್‌ಗೆ ಹೋಗುತ್ತವೆ. ಅಲ್ಲಿಂದ ಬೆಳಗಾವಿಯವರ ಬ್ಯಾಂಕಿಗೆ. ಕಾಗದ ಮಾತ್ರ ಚೆಕ್ ಪಡೆದ ಬ್ಯಾಂಕಿನಲ್ಲೇ ಉಳಿಯುತ್ತದೆ, ಅದನ್ನು ಹತ್ತು ವರ್ಷ ಕಾಪಿಡಬೇಕು. ಹಣ ಕೊಡಬೇಕಾದ ಬ್ಯಾಂಕಿನವರು ಪರದೆಯ ಮೇಲೆ ಸಹಿ ಹೋಲಿಸಿ, ಬಾಕಿ ನೋಡಿ ಹೂಂ ಅಥವಾ ಊಹೂಂ ಎನ್ನುತ್ತಾರೆ.

2025ರ ಅಕ್ಟೋಬರ್ 4ರವರೆಗೆ ಚೆಕ್‌ಗಳನ್ನು ಕಂತೆ ಕಂತೆಯಾಗಿ ಕಳಿಸುತ್ತಿದ್ದರು, ಹಣಕ್ಕೆ ಮರುದಿನದವರೆಗೆ ಕಾಯಬೇಕಿತ್ತು. ಅಂದಿನಿಂದ ಸ್ಕ್ಯಾನ್ ಆದ ಹಾಗೆಲ್ಲ ಚಿತ್ರ ಹೊರಡುತ್ತದೆ. ಹಣ ಕೊಡುವ ಬ್ಯಾಂಕ್ ಸಂಜೆ 7ರೊಳಗೆ ಉತ್ತರ ಹೇಳಬೇಕು. ಸುಮ್ಮನಿದ್ದರೆ ಚೆಕ್ ಪಾಸಾಯಿತೆಂದೇ ಲೆಕ್ಕ. ಬ್ಯಾಂಕುಗಳ ನಡುವೆ ಲೆಕ್ಕ ಚುಕ್ತಾ ಆದ ಒಂದು ಗಂಟೆಯೊಳಗೆ ಗ್ರಾಹಕರ ಖಾತೆಗೆ ಹಣ ಹಾಕಬೇಕು. ಮೂರು ಗಂಟೆಯಲ್ಲೇ ಉತ್ತರ ಕೊಡಬೇಕೆಂಬ ಎರಡನೇ ಹಂತವನ್ನು 2026ರ ಜನವರಿ 3ಕ್ಕೆ ಗೊತ್ತುಮಾಡಿ ಆಮೇಲೆ ಮುಂದೂಡಿದರು. ಹೇಗಿದ್ದರೂ ಮೊದಲ ಬ್ಯಾಂಕಿನಲ್ಲಿ ಹಣ ಗುರುವಾರ ರಾತ್ರಿ ಎಂಟರ ಹೊತ್ತಿಗೆ ಬಂದಿರಬೇಕು.

ಎರಡನೆಯದು ಸಣ್ಣ ಸಹಕಾರಿ ಬ್ಯಾಂಕ್. ಎಲ್ಲ ಶಾಖೆಗಳೂ ಚಿತ್ರದ ಮೂಲಕವೇ ಕ್ಲಿಯರಿಂಗ್ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿತು. ಆದರೆ ಪ್ರತಿ ಶಾಖೆಯಲ್ಲೂ ಸ್ಕ್ಯಾನರ್ ಇಡಲೇಬೇಕೆಂದಿಲ್ಲ, ಹಲವು ಶಾಖೆಗಳ ಚೆಕ್ ಒಂದೆಡೆ ತಂದು ಸ್ಕ್ಯಾನ್ ಮಾಡಲೂ ಅವಕಾಶವಿದೆ. ಹಾಗಿರುವ ಕಡೆ ಚೆಕ್ ಗುರುವಾರ ಸಂಜೆ ಚೀಲದಲ್ಲಿ ಕೊಲ್ಹಾಪುರದ ಮುಖ್ಯ ಕಚೇರಿಗೆ ಹೋಗುತ್ತದೆ, ಶುಕ್ರವಾರ ಸ್ಕ್ಯಾನ್ ಆಗುತ್ತದೆ. ಈ ಬ್ಯಾಂಕ್ ಕ್ಲಿಯರಿಂಗ್‌ನಲ್ಲಿ ನೇರ ಸದಸ್ಯನಲ್ಲದಿದ್ದರೆ ದೊಡ್ಡ ಬ್ಯಾಂಕೊಂದು ಅದರ ಪರವಾಗಿ ಕೆಲಸ ಮಾಡುತ್ತದೆ. ಶುಕ್ರವಾರ ಸಂಜೆ ಹಣ ಮೊದಲು ಆ ದೊಡ್ಡ ಬ್ಯಾಂಕಿಗೆ ಬಂದು, ಅಲ್ಲಿಂದ ಸಣ್ಣ ಬ್ಯಾಂಕಿನ ಲೆಕ್ಕಕ್ಕೆ, ಆಮೇಲೆ ನಿಮ್ಮ ಖಾತೆಗೆ. ಮರುದಿನ ಎರಡನೇ ಅಥವಾ ನಾಲ್ಕನೇ ಶನಿವಾರವಾದರೆ ಬ್ಯಾಂಕಿಗೆ ರಜೆ, ಹಾಗಾಗಿ ಸೋಮವಾರ. ಚೆಕ್ಕನ್ನು ಪತಸಂಸ್ಥೆಯಲ್ಲಿ ಹಾಕಿದರೆ ಇನ್ನೊಂದು ಮೆಟ್ಟಿಲು: ಪತಸಂಸ್ಥೆ ತನ್ನ ಖಾತೆಯಿರುವ ಬ್ಯಾಂಕಿಗೆ ಅದನ್ನು ಕೊಡಬೇಕು, ಅಲ್ಲಿ ಹಣ ಬಂದ ಮೇಲೆಯೇ ನಿಮಗೆ.

ಇಚಲಕರಂಜಿಯ ಮಗ್ಗದವರು ವಾರದ ಕೂಲಿಯನ್ನು ಇಂಥ ಚೆಕ್ಕಿನ ಮೇಲೆ ನಂಬಿಕೊಂಡಿದ್ದರೆ ಶಾಖೆಯಲ್ಲಿ ಎರಡು ಪ್ರಶ್ನೆ ಕೇಳಲೇಬೇಕು. ಸ್ಕ್ಯಾನ್ ಇಲ್ಲೇ ಆಗುತ್ತದೆಯೇ? ಇಂದಿನ ಕ್ಲಿಯರಿಂಗ್‌ಗೆ ಎಷ್ಟು ಗಂಟೆಯೊಳಗೆ ಕೊಡಬೇಕು? ಆ ಗಂಟೆ ಶಾಖೆಯಿಂದ ಶಾಖೆಗೆ ಬೇರೆ. ಪೆಟ್ಟಿಗೆಗೆ ಹಾಕುವ ಬದಲು ಕೌಂಟರಿನಲ್ಲಿ ಕೊಟ್ಟು, ಸ್ಲಿಪ್ಪಿನ ಅರ್ಧಭಾಗದ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಕೇಳಿದರೆ ಇಲ್ಲವೆನ್ನುವಂತಿಲ್ಲ. ತಡವಾದಾಗ ಆ ಮುದ್ರೆಯ ದಿನಾಂಕವೇ ನಿಮ್ಮ ಸಾಕ್ಷಿ.

ಚೆಕ್ ಕೈಗೆ ಬಂದ ಕೂಡಲೇ ಬೆಳಕಿಗೆ ಹಿಡಿದು ನೋಡಿ, ಕಾಗದದೊಳಗೆ ಸಿಟಿಎಸ್-ಇಂಡಿಯಾ ಎಂಬ ನೀರುಗುರುತು ಇರಬೇಕು. ಹೆಸರು, ಮೊತ್ತ ತಿದ್ದಿದ್ದರೆ, ತಿದ್ದಿದ ಕಡೆ ಸಹಿ ಇದ್ದರೂ ನಡೆಯುವುದಿಲ್ಲ, ಹೊಸ ಚೆಕ್ ಕೇಳಿ. ಅಂಗಡಿಯ ರಬ್ಬರ್ ಸ್ಟ್ಯಾಂಪು ಸಹಿಯ ಮೇಲೆ ದಟ್ಟವಾಗಿ ಕೂತಿದ್ದರೆ ಕಪ್ಪು-ಬಿಳುಪು ಚಿತ್ರದಲ್ಲಿ ಎರಡೂ ಕಲಸಿಹೋಗುತ್ತವೆ. ಕಾಗದ ಎದುರಿಗಿದ್ದಾಗ ಓದಲಾಗುವ ಸಹಿ ಪರದೆಯ ಮೇಲೆ ಬರೀ ಕಲೆಯಾಗಿ ಕಾಣುತ್ತದೆ.

ಇನ್ನೊಂದು ಅಡಚಣೆ ಕೊಟ್ಟವರ ಕಡೆಯದು. 50,000 ರೂಪಾಯಿ ಮತ್ತು ಮೇಲ್ಪಟ್ಟ ಚೆಕ್ಕಿಗೆ 2021ರ ಜನವರಿ 1ರಿಂದ ಪಾಸಿಟಿವ್ ಪೇ ಎಂಬ ವ್ಯವಸ್ಥೆ ಇದೆ. ಚೆಕ್ ಬರೆದವರು ಅದರ ನಂಬರು, ದಿನಾಂಕ, ಹೆಸರು, ಮೊತ್ತವನ್ನು ತಮ್ಮ ಬ್ಯಾಂಕಿಗೆ ಮೊದಲೇ ತಿಳಿಸಬಹುದು. 5 ಲಕ್ಷ ಮತ್ತು ಮೇಲಿನದಕ್ಕೆ ಬ್ಯಾಂಕುಗಳು ಇದನ್ನು ಕಡ್ಡಾಯ ಮಾಡಬಹುದು. ತಿಳಿಸಿದ ವಿವರ ತಾಳೆಯಾಗದಿದ್ದರೆ ಚೆಕ್ ತಿರುಗಿ ಬರಬಹುದು. ನಮ್ಮ ವ್ಯಾಪಾರಿ ಚೆಕ್ ಹಾಕುವ ಮುನ್ನ ಬೆಳಗಾವಿಗೆ ಒಂದು ಫೋನು ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ತಿರುಗಿ ಬಂದರೆ ರಿಟರ್ನ್ ಮೆಮೊ ಕೇಳಿ ಪಡೆಯಿರಿ, ಕಾರಣ ಅದರಲ್ಲಿರುತ್ತದೆ. ಚಿತ್ರ ಸ್ಪಷ್ಟವಿಲ್ಲ ಎಂಬಂಥ ತಾಂತ್ರಿಕ ಕಾರಣವಾಗಿದ್ದು ನಿಮ್ಮ ತಪ್ಪಿಲ್ಲದಿದ್ದರೆ ಬ್ಯಾಂಕೇ ಮುಂದಿನ ಕ್ಲಿಯರಿಂಗ್‌ನಲ್ಲಿ ಮತ್ತೆ ಕಳಿಸಬೇಕು, ಶುಲ್ಕ ಹಾಕುವಂತಿಲ್ಲ. ಹಣವಿಲ್ಲದೆ ತಿರುಗಿದ್ದರೆ ದಿನ ಎಣಿಸಬೇಕು: ಸುದ್ದಿ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು, ಅದು ಮುಟ್ಟಿದ 15 ದಿನದಲ್ಲಿ ಹಣ ಬರದಿದ್ದರೆ ನಂತರದ ಒಂದು ತಿಂಗಳೊಳಗೆ 138ನೇ ಕಲಮಿನಡಿ ದೂರು.

ಪಾಸೂ ಆಗದೆ, ತಿರುಗಿಯೂ ಬರದೆ ಚೆಕ್ ಸುಮ್ಮನೆ ಕೂತಿದ್ದರೆ ಯಾವ ದಿನ ಸ್ಕ್ಯಾನ್ ಆಯಿತೆಂದು ಶಾಖೆಯಲ್ಲಿ ಕೇಳಿ. ಮುದ್ರೆಯ ದಿನಾಂಕಕ್ಕೂ ಆ ದಿನಾಂಕಕ್ಕೂ ಇರುವ ಅಂತರ ನಿಮ್ಮ ಬ್ಯಾಂಕಿನದು. ಅದರ ಚೆಕ್ ವಸೂಲಾತಿ ನೀತಿಯಲ್ಲಿ ಹೇಳಿದ ಬಡ್ಡಿಯನ್ನು ಬರಹದಲ್ಲಿ ಕೇಳಿ. ಬ್ಯಾಂಕ್ 30 ದಿನವಾದರೂ ಉತ್ತರಿಸದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಸ್ಲಿಪ್ಪಿನ ಮುದ್ರೆಯ ಫೋಟೊ ಜೊತೆಗಿರಲಿ.