ಮೇ ತಿಂಗಳ ಮಗು ದಡ್ಡಿಯಲ್ಲ

ನಿಮ್ಮ ಮಗಳು ಹುಟ್ಟಿದ್ದು ಮೇ ಕೊನೆಯಲ್ಲಿ. ಜೂನ್ 1ಕ್ಕೆ ಆರು ತುಂಬಿರಬೇಕೆಂಬ ನಿಯಮದಂತೆ ಒಂದನೇ ತರಗತಿಗೆ ಸೇರಿದಾಗ ಅವಳಿಗೆ ಆರೇ ವರ್ಷ. ಹಿಂದಿನ ಜೂನ್‌ನಲ್ಲಿ ಹುಟ್ಟಿದ ಸಹಪಾಠಿಗೆ ಹತ್ತಿರ ಹತ್ತಿರ ಏಳು. ಆ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಬದುಕಿದ ಕಾಲದ ಆರನೇ ಒಂದು ಭಾಗ. ಓದು, ಅಕ್ಷರ, ಏಕಾಗ್ರತೆಯಲ್ಲಿ ನೀವು ಕಾಣುತ್ತಿರುವ ಅಂತರದಲ್ಲಿ ಬಹುಪಾಲು ಇದೇ ಇರಬಹುದು. ಹಲವು ದೇಶಗಳ ಅಂಕಗಳನ್ನು ಹೋಲಿಸಿ ಬೆಡಾರ್ಡ್ ಮತ್ತು ಡ್ಯೂಯಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿರಿಯರ ಹಿನ್ನಡೆ ಎಂಟನೇ ತರಗತಿಗೆ ಕಡಿಮೆಯಾದರೂ ಪೂರ್ತಿ ಅಳಿದಿರಲಿಲ್ಲ. ಅದು ಉಳಿಯುವುದಕ್ಕೆ ಒಂದು ಕಾರಣ ಆತ್ಮವಿಶ್ವಾಸದ ಕೊರತೆ ಇರಬಹುದು: ತರಗತಿಯ ಕಿರಿಯರು ತಮ್ಮ ಸಾಮರ್ಥ್ಯವನ್ನೇ ಕಡಿಮೆ ಅಂದಾಜಿಸುತ್ತಾರೆಂದು ಇಂಗ್ಲೆಂಡಿನ ಸಂಶೋಧನೆ ತೋರಿಸಿದೆ.

ಹಾಗಾದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಬಾರದೇ ಎಂದಿದ್ದೀರಿ. ಆಗ ಅಂಕ ಏರಬಹುದು, ಆದರೆ ಅದು ಪರೀಕ್ಷೆಯ ದಿನ ಅವಳು ದೊಡ್ಡವಳಾಗಿರುವುದರ ಲಾಭ. ನಾರ್ವೆಯಲ್ಲಿ ಯುವಕರನ್ನು ಸುಮಾರು ಹದಿನೆಂಟರಲ್ಲಿ ಪರೀಕ್ಷಿಸಿದಾಗ, ತಡವಾಗಿ ಶಾಲೆ ಸೇರಿದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಜೊತೆಗೆ, ಗೆಳತಿಯರು ಮುಂದೆ ಹೋದದ್ದನ್ನು ಅವಳು ಸೋಲೆಂದೇ ಓದಿಕೊಳ್ಳಬಹುದು. ಅವಳ ಬರಹವನ್ನು ಮೊದಲ ರ‍್ಯಾಂಕಿನವಳೊಂದಿಗಲ್ಲ, ಏಪ್ರಿಲ್–ಮೇನಲ್ಲಿ ಹುಟ್ಟಿದ ಸಹಪಾಠಿಗಳೊಂದಿಗೆ ಹೋಲಿಸಲು ಟೀಚರನ್ನು ಕೇಳಿ. ಅವರಿಗಿಂತಲೂ ಸ್ಪಷ್ಟವಾಗಿ ಹಿಂದಿದ್ದರೆ, ವಯಸ್ಸಿನ ನೆಪ ಹೇಳದೆ ಕಲಿಕಾ ತೊಂದರೆಯ ತಪಾಸಣೆ ಮಾಡಿಸಿ.