ಭಾನುವಾರದ ನೋಟ್‌ಬುಕ್

ತಂಗಿ, ಸಪ್ತಾಪುರದಲ್ಲಿ ಖೋಲಿ ಸಿಕ್ಕಿದೆ, ಕೆಎಎಸ್ ಪೂರ್ವಭಾವಿ ಪರೀಕ್ಷೆಗೆ ಓದುವ ಇನ್ನೂ ಮೂವರು ಹುಡುಗಿಯರು ಜೊತೆಯಾಗಿದ್ದಾರೆ ಎಂದು ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಗಿನಿಂದ ನನಗೆ ನಮ್ಮ ಹಳೆಯ ಗುಂಪಿನದೇ ನೆನಪು. ಮೂವತ್ತು ವರ್ಷದ ಹಿಂದೆ ಇದೇ ಧಾರವಾಡದಲ್ಲಿ ನಾವು ಏಳು ಜನ ಕೂಡಿ ಅಭ್ಯಾಸ ಶುರು ಮಾಡಿದ್ದೆವು. ಎರಡು ತಿಂಗಳೊಳಗೆ ಗುಂಪು ಚದುರಿಹೋಯಿತು. ಜಗಳವಾಗಿರಲಿಲ್ಲ, ಸೋಮಾರಿಗಳೂ ಯಾರಿರಲಿಲ್ಲ. ಆಮೇಲೆ ಉಳಿದ ನಾಲ್ವರು ಮತ್ತೆ ಕಟ್ಟಿಕೊಂಡ ಗುಂಪು ಮಾತ್ರ ಪರೀಕ್ಷೆಯ ದಿನದ ತನಕ ನಿಂತಿತು. ಎರಡಕ್ಕೂ ಇದ್ದ ವ್ಯತ್ಯಾಸವನ್ನು ನಿನಗೆ ಹೇಳಬೇಕು.

ಮೊದಲ ಗುಂಪಿನಲ್ಲಿ ಪ್ರತಿ ಸೋಮವಾರ ಎಲ್ಲರೂ ಗುರಿ ಹೇಳುತ್ತಿದ್ದೆವು. ಹಾವೇರಿ ಕಡೆಯ ಗೆಳೆಯನೊಬ್ಬ ಒಂದು ವಾರ ‘ಮೂಲಭೂತ ಹಕ್ಕುಗಳನ್ನು ಮುಗಿಸುತ್ತೇನೆ’ ಎಂದ. ಭಾನುವಾರ ಕೇಳಿದಾಗ ‘ಮುಗಿಯಿತು’ ಎಂದ. ಅವನು ಸುಳ್ಳು ಹೇಳಿರಲಿಲ್ಲ. 12ನೇ ವಿಧಿಯಿಂದ 35ರವರೆಗೆ ಮೂರು ಸಲ ಓದಿದ್ದ, ಪುಸ್ತಕದ ತುಂಬ ಗೆರೆ ಎಳೆದಿದ್ದ. ನಾನು ಸುಮ್ಮನೆ, ‘ಇವುಗಳಲ್ಲಿ ಭಾರತದ ಪ್ರಜೆಗಳಿಗೆ ಮಾತ್ರ ಇರುವ ಹಕ್ಕು ಯಾವವು, ಹೊರದೇಶದವರಿಗೂ ಸಿಗುವವು ಯಾವವು?’ ಎಂದು ಕೇಳಿದೆ. ಅವನು ತಡವರಿಸಿದ. 19ನೇ ವಿಧಿ ಪ್ರಜೆಗಳಿಗಷ್ಟೇ, 14 ಮತ್ತು 21 ಎಲ್ಲರಿಗೂ ಎಂಬುದು ಅವನು ಗೆರೆ ಎಳೆದ ಪುಟದಲ್ಲೇ ಇತ್ತು. ಅವನ ಮುಖ ಬಾಡಿದ್ದು ಇವತ್ತಿಗೂ ಕಣ್ಣಮುಂದಿದೆ. ತಪ್ಪು ಅವನದಲ್ಲ. ‘ಮುಗಿಸುವುದು’ ಎಂಬ ಗುರಿಯನ್ನು ಅವನೊಬ್ಬನೇ ಅಳೆಯಬಹುದಿತ್ತು, ಮಿಕ್ಕವರಿಗೆ ಅಳೆಯಲು ಅಲ್ಲಿ ಏನೂ ಇರಲಿಲ್ಲ.

ಎರಡನೆಯ ಗುಂಪಿನಲ್ಲಿ ಅದೇ ಗುರಿಯನ್ನು ಹೀಗೆ ಬರೆಯತೊಡಗಿದೆವು: ‘ಬುಧವಾರ ರಾತ್ರಿ ಪುಸ್ತಕ ಮುಚ್ಚಿಟ್ಟು, 12ರಿಂದ 35ರವರೆಗಿನ ವಿಧಿಗಳನ್ನು ನೆನಪಿನಿಂದ ಎರಡು ಪುಟ ಬರೆಯುವುದು. ಶನಿವಾರ ಹಳೆಯ ಪ್ರಶ್ನೆಪತ್ರಿಕೆಗಳಿಂದ ಸಂವಿಧಾನದ 40 ಪ್ರಶ್ನೆ ಬಿಡಿಸಿ, ಎಷ್ಟು ಸರಿ ಎಂದು ಬರೆದಿಡುವುದು.’ ಇದರಲ್ಲಿ ಕೈಗೆ ಸಿಗುವ ಎರಡು ವಸ್ತುಗಳಿವೆ, ಎರಡು ಪುಟ ಮತ್ತು ಒಂದು ಅಂಕಿ. ಗೆಳತಿ ನಿನ್ನ ನೋಟ್‌ಬುಕ್ ತೆರೆದರೆ ಎರಡು ನಿಮಿಷದಲ್ಲಿ ಆಗಿದೆಯೋ ಇಲ್ಲವೋ ತಿಳಿಯುತ್ತದೆ. ವಾರದ ಗುರಿ ಬರೆದ ಮೇಲೆ ಒಂದು ಪ್ರಶ್ನೆ ಕೇಳಿಕೋ: ನಾನು ಖೋಲಿಯಲ್ಲಿ ಇಲ್ಲದಿದ್ದರೂ ಇದನ್ನು ಯಾರಾದರೂ ಪರಿಶೀಲಿಸಬಹುದೇ? ಆಗದಿದ್ದರೆ ಮತ್ತೆ ಬರೆ.

ಮುಚ್ಚಿದ ಪುಸ್ತಕ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಓದಿದರು, ಉಳಿದವರು ಅದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಬರೆದವರು ಮುಂದಿದ್ದರು. ಓದಿದ ಕೂಡಲೇ ‘ಬಂತು’ ಅನ್ನಿಸುವುದನ್ನು ನಂಬಬೇಡ ತಂಗಿ. ಅದಕ್ಕೇ ಭಾನುವಾರದ ಪರಿಶೀಲನೆಯಲ್ಲಿ ಹಿಂದಿನ ವಾರದ್ದೂ ಒಂದು ಪ್ರಶ್ನೆ ಇರಲಿ.

ಪರಿಶೀಲಿಸುವ ಕೆಲಸವನ್ನು ಹೀಗೆ ಹಂಚಿಕೊಳ್ಳಿ. ನಾಲ್ವರಲ್ಲಿ ಇಬ್ಬಿಬ್ಬರದು ಒಂದು ಜೋಡಿ. ಬುಧವಾರ ರಾತ್ರಿ ಒಂಬತ್ತರೊಳಗೆ ಬರೆದ ಪುಟದ ಫೋಟೋವನ್ನು ಜೋಡಿಗೆ ವಾಟ್ಸಾಪ್ ಮಾಡಬೇಕು. ಹಾಗೆ ಮಾಡಿದರೆ ವಾರ ಕೈತಪ್ಪುತ್ತಿರುವುದು ಭಾನುವಾರದ ಬದಲು ಬುಧವಾರವೇ ಗೊತ್ತಾಗುತ್ತದೆ, ಸರಿಪಡಿಸಲು ಮೂರು ದಿನ ಉಳಿಯುತ್ತವೆ. ಭಾನುವಾರ ಬೆಳಗ್ಗೆ ನಾಲ್ವರೂ ಕೂಡಿ, ಒಬ್ಬೊಬ್ಬರಿಗೆ ಹದಿನೈದು ನಿಮಿಷ ಕೊಡಿ. ಪ್ರಶ್ನೆ ಆರಿಸುವವಳು ಜೋಡಿಯೇ ಆಗಿರಲಿ. ನಮಗೆ ನಾವೇ ಆರಿಸಿಕೊಂಡರೆ ಬರುವುದನ್ನೇ ಆರಿಸುತ್ತೇವೆ. ತಿಂಗಳಿಗೊಮ್ಮೆ ಜೋಡಿ ಬದಲಾಗಲಿ, ಇಲ್ಲದಿದ್ದರೆ ಸಲುಗೆ ಬೆಳೆದು ಬಿಟ್ಟುಕೊಡುವುದು ಶುರುವಾಗುತ್ತದೆ. ಐದನೆಯವಳು ಬರುತ್ತೇನೆಂದರೆ ಸೇರಿಸಿಕೊಳ್ಳಬಹುದು, ಅದಕ್ಕಿಂತ ಹೆಚ್ಚು ಬೇಡ. ನಮ್ಮ ಏಳು ಜನರಲ್ಲಿ ಒಬ್ಬೊಬ್ಬರ ಸರದಿ ಐದು ನಿಮಿಷಕ್ಕೆ ಇಳಿದು, ಉಳಿದ ಹೊತ್ತು ಹರಟೆಗೆ ಹೋಗುತ್ತಿತ್ತು.

40 ಪ್ರಶ್ನೆಗಳಲ್ಲಿ ನಿನಗೆ 26 ಸರಿ ಬಂದವು ಎಂದುಕೋ. ತಪ್ಪಾದ 14ರ ಪ್ರತಿಯೊಂದರ ಮುಂದೆ ಕಾರಣ ಬರೆ: ಗೊತ್ತಿರಲಿಲ್ಲ, ಗೊಂದಲವಾಯಿತು, ಪ್ರಶ್ನೆ ತಪ್ಪು ಓದಿದೆ. ಜೋಡಿ ನೋಡಬೇಕಾದ್ದು 26ನ್ನಲ್ಲ, ಈ 14 ಸಾಲುಗಳನ್ನು. ಆರು ಕಡೆ ‘ತಪ್ಪು ಓದಿದೆ’ ಎಂದಿದ್ದರೆ ಮುಂದಿನ ವಾರ ಹೊಸ ಅಧ್ಯಾಯ ಬೇಡ. ‘ಯಾವುದು ಸರಿಯಲ್ಲ’ ಎಂದು ಕೇಳುವ ಪ್ರಶ್ನೆಗಳನ್ನೇ ಇಪ್ಪತ್ತು ಆರಿಸಿ ಬಿಡಿಸು. ಆಸ್ತಿಯ ಹಕ್ಕು ಮೂಲಭೂತ ಹಕ್ಕು ಎಂದು ಗುರುತು ಹಾಕಿದ್ದರೆ ಅದು ಗೊಂದಲ. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಹಾಕಿತು ಎಂದು ಒಂದು ಸಾಲು ಬರೆದುಕೊಂಡರೆ ಸಾಕು. ಮುಂದಿನ ವಾರದ ಗುರಿ ಈ ಸಾಲುಗಳಿಂದ ಹುಟ್ಟಬೇಕು, ಪುಸ್ತಕದ ಪರಿವಿಡಿಯಿಂದಲ್ಲ.

ಇನ್ನು ಗುರಿ ತಪ್ಪಿದ ವಾರದ ಮಾತು. ತಪ್ಪುತ್ತದೆ, ಜ್ವರ ಬರುತ್ತದೆ, ಊರಲ್ಲಿ ಮದುವೆ ಇರುತ್ತದೆ. ಆಗ ಉಳಿದದ್ದನ್ನು ಮುಂದಿನ ವಾರದ ಮೇಲೆ ಹೇರಿಕೊಳ್ಳಬೇಡ. ನಮ್ಮ ಮೊದಲ ಗುಂಪು ಮುರಿದದ್ದು ಇಲ್ಲೇ. ಒಬ್ಬನ ಬಾಕಿ ಮೂರು ವಾರದಷ್ಟು ಬೆಳೆದು, ನಾಲ್ಕನೆಯ ಭಾನುವಾರ ಅವನು ಬರಲೇ ಇಲ್ಲ. ಆಮೇಲೆ ನಾವು ಮಾಡಿಕೊಂಡ ಕಟ್ಟು ಇದು: ಬಾಕಿಯಲ್ಲಿ ಒಂದನ್ನು ಮಾತ್ರ ಮುಂದಕ್ಕೆ ಒಯ್ಯಬಹುದು, ಉಳಿದದ್ದನ್ನು ಹೊಡೆದುಹಾಕಬೇಕು. ಎರಡು ವಾರ ಸತತ ತಪ್ಪಿದರೆ ಗುರಿ ಅರ್ಧಕ್ಕೆ ಇಳಿಯಬೇಕು, 40 ಪ್ರಶ್ನೆಯ ಬದಲು 20. ಅದರಲ್ಲಿ ನಾಚಿಕೆ ಏನಿಲ್ಲ. ಹಾಗೆಯೇ ನಾಲ್ಕು ವಾರ ಎಲ್ಲರದೂ ಪೂರ್ತಿ ಆಯಿತೆಂದು ಬಂದರೆ ಗಮನಿಸು. ಗುರಿ ಚಿಕ್ಕದಿದೆ, ಅಥವಾ ನೋಡುವವರ ಕಣ್ಣು ಸಡಿಲಾಗಿದೆ.

ದಂಡ ಹಾಕೋಣ ಎಂದು ನಿಮ್ಮಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ತಪ್ಪಿದವರು ಎಲ್ಲರಿಗೂ ಚಹಾ ಕೊಡಿಸಬೇಕು ಎಂದು ನಾವೂ ಮಾಡಿದ್ದೆವು. ತಿಂಗಳೊಳಗೆ ‘ಈ ವಾರದ ಚಹಾ ನನ್ನದು’ ಎಂದು ಸೋಮವಾರವೇ ಹೇಳುವುದು ರೂಢಿಯಾಯಿತು. ಇಸ್ರೇಲಿನ ಹೈಫಾದಲ್ಲಿ ಶಿಶುವಿಹಾರಗಳು ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪಾಲಕರಿಗೆ ದಂಡ ಹಾಕಿದಾಗ ತಡವಾಗಿ ಬರುವವರ ಸಂಖ್ಯೆ ಹೆಚ್ಚಿತಂತೆ, ದಂಡ ತೆಗೆದ ಮೇಲೂ ಇಳಿಯಲಿಲ್ಲವಂತೆ. ನೀಜಿ ಮತ್ತು ರುಸ್ತಿಕಿನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಇದನ್ನು ಬರೆದರು. ದುಡ್ಡು ಕೊಟ್ಟ ಮೇಲೆ ತಪ್ಪು ಅನ್ನಿಸುವುದೇ ನಿಂತುಹೋಗುತ್ತದೆ. ದಂಡದ ಬದಲು ತಪ್ಪಿದ ಕಾರಣವನ್ನು ಒಂದೇ ಸಾಲಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದರೆ ಸಾಕು. ಆ ಸಾಲು ವಾರದಿಂದ ವಾರಕ್ಕೆ ಉದ್ದವಾಗುತ್ತ ಹೋದರೆ ಜೋಡಿ ಅವಳನ್ನು ಬೇರೆಯಾಗಿ ಕರೆದು, ಓದು ಬಿಟ್ಟು ಮನೆಯ ಮಾತು ಕೇಳಬೇಕು. ನಮ್ಮ ಗೆಳೆಯನೊಬ್ಬನ ತಂದೆಗೆ ಕಾಯಿಲೆಯಾಗಿದ್ದು ನಮಗೆ ತಿಳಿದದ್ದು ಹಾಗೆ.

ಪರೀಕ್ಷೆಗೆ ಐದಾರು ವಾರ ಉಳಿದಾಗ ಈ ಅಧ್ಯಾಯವಾರು ಗುರಿಗಳನ್ನು ನಿಲ್ಲಿಸಿ. ಪೂರ್ವಭಾವಿಯಲ್ಲಿ ಎರಡು ಪತ್ರಿಕೆ, ಒಂದೊಂದಕ್ಕೆ ನೂರು ಪ್ರಶ್ನೆ, ಎರಡು ಗಂಟೆ. ಆಗ ವಾರಕ್ಕೊಮ್ಮೆ ನಾಲ್ವರೂ ಒಂದೇ ಹೊತ್ತಿಗೆ ಗಡಿಯಾರ ಇಟ್ಟುಕೊಂಡು ಪೂರ್ತಿ ಪತ್ರಿಕೆ ಬರೆದು, ತಪ್ಪುಗಳನ್ನು ಮಾತ್ರ ಕೂತು ನೋಡಿ.

ಇವತ್ತು ಸಂಜೆ ಒಂದು ಉದ್ದ ನೋಟ್‌ಬುಕ್ ತಂದುಕೋ. ಎಡಗಡೆ ಗುರಿ, ಬಲಗಡೆ ನಡೆದದ್ದು, ಕೆಳಗೆ ಜೋಡಿಯ ಸಹಿ. ಮೊದಲ ಬುಧವಾರದ ಪುಟದ ಫೋಟೋ ನನಗೂ ಕಳಿಸು. ಭಾನುವಾರ ನಾನೂ ಫೋನ್ ಮಾಡಿ ಒಂದು ಪ್ರಶ್ನೆ ಕೇಳುತ್ತೇನೆ.